ಅತ್ತೆಯ ಬೆನ್ನಿಗೂ ಮುಲಾಮು

ಕಾಮಯಗೌಂಡನ್‌ಪಟ್ಟಿಯ ಅಮುದಾಳ ಮಗಳಿಗೆ ಕಜ್ಜಿ ಎರಡನೇ ಸಲ ಮರಳಿತ್ತು. ರಾತ್ರಿಯಾದರೆ ಸಾಕು, ಮಗು ಬೆರಳ ಸಂದುಗಳನ್ನು ರಕ್ತ ಬರುವಂತೆ ಕೆರೆಯುತ್ತಿತ್ತು. ಮನೆಯವರೆಲ್ಲ ಒಂದೇ ರಾತ್ರಿ ಮುಲಾಮು ಹಚ್ಚಿಕೊಳ್ಳಬೇಕೆಂದು ನರ್ಸ್ ಹೇಳಿದ್ದರು. ಅತ್ತೆ ನಾಗಮ್ಮಾಳ್ ಒಪ್ಪಲಿಲ್ಲ.

"ನಂಗೆ ಕಡಿಯಾದಿಲ್ಲ. ನಾನ್ಯಾಕೆ ಹಚ್ಚಲಿ?"

"ಕಡಿಯಾಕೆ ಮುನ್ನ ಒಂದು ತಿಂಗಳು ಕಜ್ಜಿ ಹುಳ ಮೈಯಾಗೆ ಇರ್ತದಂತೆ ಅತ್ತೆ. ಹಚ್ಚದಿದ್ರೆ ಪಾಪು ಇನ್ನು ನಿಮ್ಮ ಪಕ್ಕ ಮಲಗಾದು ಬೇಡ."

ನಾಗಮ್ಮಾಳ್ ಮುಖ ಗಂಟಿಕ್ಕಿದರು. ಮೊಮ್ಮಗಳು ಅಳುತ್ತಾ ಅವರ ಸೆರಗು ಹಿಡಿದಳು. ಅವರು ಬೆನ್ನು ತಿರುಗಿಸಿ ಕೂತರು.

"ಹಚ್ಚು ತಾಯಿ. ನಂಗೆ ಕೈ ಎಟುಕಾದಿಲ್ಲ."

ಆ ರಾತ್ರಿ ಅಮುದಾಳ ಗಂಡನೂ ಸೇರಿ ಮನೆಯ ನಾಲ್ವರೂ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿಕೊಂಡರು. ಬೆಳಿಗ್ಗೆ ಹಾಸಿಗೆಬಟ್ಟೆ, ಉಟ್ಟ ಬಟ್ಟೆಗಳನ್ನೆಲ್ಲ ಬಿಸಿನೀರಲ್ಲಿ ಒಗೆದರು. ವಾರದ ನಂತರ ಎಲ್ಲರೂ ಮತ್ತೊಮ್ಮೆ ಹಚ್ಚಿಕೊಂಡರು. ಮಗುವಿನ ತುರಿಕೆ ಪೂರ್ತಿ ಇಳಿಯಲು ಮೂರು ವಾರ ಹಿಡಿಯಿತು. ಕಜ್ಜಿ ಮತ್ತೆ ಬರಲಿಲ್ಲ.