ಎಂಟನೇ ಕ್ಲಾಸಿನವನ ಒಂದೇ ಪುಟ

"ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮೆಷಿನ್ ಕೈಪಿಡಿ ಅನುವಾದ ಮಾಡ್ತಾನಂತೆ!" ಎಂದು ಏಜೆನ್ಸಿ ಯಜಮಾನ ಎಲ್ಲರೆದುರು ಹಲ್ಲು ಕಿರಿದ ದಿನವೇ ನಾನು ಅವನ ಕೆಲಸ ಬಿಟ್ಟೆ. ಮೂರು ವರ್ಷ ನಾನು ಅನುವಾದ ಮಾಡಿದ ಕೈಪಿಡಿಗಳ ಮೇಲೆಲ್ಲ ಅವನದೇ ಹೆಸರು. ಇನ್ನು ನನ್ನ ಹೆಸರಿಗೊಂದು ಜಾಗ ಬೇಕಿತ್ತು.

ಅಕ್ಕನ ಹೊಲಿಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದೇ ಪುಟದ ವೆಬ್‌ಸೈಟ್ ಕಟ್ಟಿದೆ. ಮಾದರಿಗೆಂದು ಎಡಕ್ಕೆ ಇಂಗ್ಲಿಷ್ ಮೂಲ, ಬಲಕ್ಕೆ ನನ್ನ ಕನ್ನಡ ಅನುವಾದ. ಅದರ ಕೆಳಗೆ ಮೂಲದ ಪದಕ್ಕಿಷ್ಟು ಎಂಬ ದರ. ಕೊನೆಗೆ ಹಳೆಯ ಕೆಲಸ: ಏಜೆನ್ಸಿಯಲ್ಲಿ ಮಾಡಿದ ಆರು ಕೈಪಿಡಿ.

ಅಕ್ಕ ಬಾಯಿಂದ ಸೂಜಿ ತೆಗೆದಳು. "ಇವು ಯಾರದ್ದೋ?"

"ನಂದೇ ಅಕ್ಕಾ! ನಿದ್ದೆಗೆಟ್ಟು ಮಾಡಿದ್ದು."

"ಮಾಡಿದ್ದು ನೀನು, ಕಾಗದ ಗಿರಾಕಿದು. ಹೊರಗೆ ತೋರಿಸಲ್ಲ ಅಂತ ಸಹಿ ಹಾಕಿಲ್ವಾ? ಅವರ ಗುಟ್ಟು ಬಯಲಿಗಿಟ್ಟವನನ್ನ ಯಾರಪ್ಪ ನಂಬ್ತಾರೆ?"

ಹಲ್ಲು ಕಡಿಯುತ್ತ ಆರನ್ನೂ ಅಳಿಸಿದೆ. ಪುಟ ಪುಕ್ಕ ಕಿತ್ತ ಕೋಳಿಯಂತಾಯಿತು.

ತೋರಿಸಲು ಉಳಿದ ಕೆಲಸ ಒಂದೇ. ಮುದ್ರಣಾಲಯ ನಡೆಸುವ ಮುದುಕನೊಬ್ಬನಿಗೆ ನಾನೇ ನೇರವಾಗಿ ಮಾಡಿಕೊಟ್ಟ ಕಾಗದ ಕತ್ತರಿಸುವ ಯಂತ್ರದ ಕೈಪಿಡಿ. ಓಡಿಹೋಗಿ ಕೇಳಿದೆ. ಅವನೇ ಯಂತ್ರ ತಯಾರಕರನ್ನೂ ಕೇಳಿ, ಎರಡು ಪುಟಕ್ಕೆ ಒಪ್ಪಿಗೆ ಬರೆಸಿಕೊಟ್ಟ. "ನನ್ನ ಫೋನ್ ನಂಬರೂ ಹಾಕಪ್ಪ, ಯಾರು ಬೇಕಾದ್ರೂ ಕೇಳ್ಲಿ." ಆ ಪುಟಗಳ ಜೊತೆ, ಅವರ ಒಪ್ಪಿಗೆಯಿಂದಲೇ, ಅನುವಾದದ ಹೊತ್ತಿಗೆ ತಯಾರಕರಿಗೆ ನಾನು ಕಳಿಸಿದ್ದ ಪ್ರಶ್ನೆಯನ್ನೂ ಹಾಕಿದೆ: ಸಿಕ್ಕಿಕೊಂಡ ಕಾಗದ ತೆಗೆದು, ಆಮೇಲೆ ಕರೆಂಟ್ ಆರಿಸಿ ಎಂದು ಮೂಲದಲ್ಲಿದೆ, ಕ್ರಮ ತಪ್ಪಿದೆಯೇ? ಹೌದು, ತಿದ್ದುತ್ತೇವೆ ಎಂಬ ಅವರ ಉತ್ತರವೂ ಅಲ್ಲೇ ಇತ್ತು.

ಹದಿನೈದು ದಿನಕ್ಕೆ ತಗಡಿನ ಕಾರ್ಖಾನೆಯೊಂದರಿಂದ ಕರೆ ಬಂತು. ಹೊಸ ಯಂತ್ರದ ಕೈಪಿಡಿ ಅನುವಾದ ಆಗಬೇಕಿತ್ತು. ಹೋದರೆ ಸುರಕ್ಷತಾ ಅಧಿಕಾರಿಯ ಕೋಣೆಯಲ್ಲಿ ಅದೇ ಕೆಲಸ ಕೇಳಲು ಬಂದ ಏಜೆನ್ಸಿ ಯಜಮಾನನೂ ಕುಳಿತಿದ್ದಾನೆ, ತೊಡೆಯ ಮೇಲೆ ಹಳೆಯ ಕೈಪಿಡಿಗಳ ದಪ್ಪ ಫೈಲು.

ಅಧಿಕಾರಿ ಫೈಲು ತಿರುವಿದರು, ಒಂದು ಪುಟದಲ್ಲಿ ಕೈ ನಿಲ್ಲಿಸಿದರು. "ಇದು ಎದುರುಗಡೆ ಕಂಪನಿಯವರ ಕೈಪಿಡಿ. ತೋರಿಸೋಕೆ ಅವರು ಒಪ್ಪಿದ್ದಾರಾ?"

ಅದು ನಾನು ಮಾಡಿದ್ದೇ!

"ಹೆಹೆ... ಏನಾಗುತ್ತೆ ಬಿಡಿ ಸಾರ್," ಎಂದ ಯಜಮಾನ.

ಅಧಿಕಾರಿ ಫೈಲು ಮುಚ್ಚಿ ನನ್ನ ಪುಟ ತೆರೆದರು. ನನ್ನ ಪ್ರಶ್ನೆಯನ್ನು ಎರಡು ಸಲ ಓದಿ, ಅಲ್ಲಿದ್ದ ನಂಬರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಅವನಾ?" ಮುದುಕನ ದನಿ ಕೋಣೆ ತುಂಬಿತು. "ನಮ್ಮ ಹುಡುಗರ ಹತ್ತೂ ಬೆರಳು ನೆಟ್ಟಗಿರೋದು ಅವನಿಂದ ಸ್ವಾಮಿ!"

ಯಜಮಾನ ತಡೆಯಲಾರದೆ ಬಾಯಿ ಹಾಕಿದ. "ಎಂಟನೇ ಕ್ಲಾಸು ಸಾರ್ ಅವನು!"

"ನಮ್ಮ ಯಂತ್ರ ಸರ್ಟಿಫಿಕೇಟ್ ಕೇಳಲ್ಲ ಬಿಡಿ," ಎಂದರು ಅಧಿಕಾರಿ. ಮತ್ತೆ ನನ್ನ ಕಡೆ ತಿರುಗಿ, "ದರ ಇಲ್ಲೇ ಇದೆ, ಚೌಕಾಸಿ ಬೇಡ. ಯಾವಾಗ ಶುರು ಮಾಡ್ತೀರಾ?"

ಮಾಡ್ತೀರಾ! ಯಜಮಾನ ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದೆ: "ಇವತ್ತೇ."

ಕೈಪಿಡಿ ಮುಗಿಸಿಕೊಟ್ಟ ದಿನ ಪುಟಕ್ಕೆ ಕಾರ್ಖಾನೆಯ ಹೆಸರು ಸೇರಿಸುತ್ತಿದ್ದೆ. ಅಕ್ಕ ಹೊಲಿಗೆ ನಿಲ್ಲಿಸಿದಳು. "ಕೇಳಿದ್ಯೇನೋ ಅವರನ್ನ?"

ಸಹಿ ಮಾಡಿದ ಒಪ್ಪಿಗೆ ಪತ್ರ ತೆಗೆದು ಅವಳ ಮೂಗಿನ ಮುಂದೆ ಹಿಡಿದೆ.