ಥರ್ಮಾಮೀಟರಿಗೆ ಮೊದಲು

ಕ್ಯಾನ್ಸರ್ ಆಸ್ಪತ್ರೆಯ ಕೀಮೋ ಡೇಕೇರ್‌ನವರು ಕೊಟ್ಟ ಸೂಚನೆಗಳ ಹಾಳೆಯನ್ನು ಅಮಿತಾ, ಕೀಮೋ ತೆಗೆದುಕೊಳ್ಳುತ್ತಿದ್ದ ಗಂಡ ಮಲ್ಲಿಕಾರ್ಜುನನಿಗೆ ಓದಿ ಹೇಳಿ ಫ್ರಿಜ್ಜಿಗೆ ಅಂಟಿಸಿದ್ದಳು. ವಾಂತಿಗೆ, ಬಾಯಿಹುಣ್ಣಿಗೆ ಮದ್ದು ಮನೆಯಲ್ಲೇ ಇತ್ತು. ಆದರೆ ಜ್ವರ ನೂರು ದಾಟಿದರೆ ಮಾತ್ರೆ ನುಂಗದೆ ಕೂಡಲೇ ನರ್ಸಿಗೆ ಫೋನ್ ಮಾಡಬೇಕಿತ್ತು. ಅವಳು ದಿನವೂ ಅವನ ಜ್ವರ ಅಳೆಯುತ್ತಿದ್ದಳು, ಜ್ವರವಿರಲಿಲ್ಲ.

ಇಂದು ಮಲ್ಲಿಕಾರ್ಜುನ ಗಡಗಡ ನಡುಗಿದ. ದಿಂಬಿನಡಿ ಜ್ವರದ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿತು.

ನಾದಿನಿ ಗೋದಾಬಾಯಿ ಬಾಯಿಬಿಟ್ಟಳು: "ನೀವು ಅಳೆಯೂಕಿಂತ ಮೊದಲ ನುಂಗಲಿ ಅಂತ ನಾನೇ ತಂದುಕೊಟ್ಟೆ ವೈನಿ. ಜ್ವರ ಅಂತ ಅಡ್ಮಿಟ್ ಮಾಡಿದ್ರ ನನ್ನ ಮಗಳ ಲಗ್ನದಾಗ ಸೋದರಮಾವ ಯಾರು? ಹೈಟೆಕ್ ಸಿಟಿಯ ಶ್ರೀಮಂತ ಬೀಗರು ಏನಂದಾರು?"

"ನೀ ಭಾಳ ಅಂಜತಿ, ಅದಕ್ಕ ಹೇಳಲಿಲ್ಲ," ಎಂದ ಗಂಡ.

ಅಮಿತಾ ನರ್ಸಿಗೆ ಫೋನ್ ಹಚ್ಚಿದಳು. ಜ್ವರ ಯಾವಾಗಿನಿಂದ ಎಂದು ನರ್ಸ್ ಕೇಳಿದಳು. ದಿನವೂ ಅಳೆದವಳಿಗೆ ಅದು ಗೊತ್ತಿರಲಿಲ್ಲ.

ಫೋನನ್ನು ಗಂಡನ ಕಿವಿಗೆ ಹಿಡಿದಳು. "ನೀವೇ ಹೇಳ್ರಿ."