ಒಂಬತ್ತು ಸೆಕೆಂಡಿನ ಸಾಲು

"ಕೊಡೀ ಇಲ್ಲಿ, ನಿಮ್ಮ ಕೈಲಾಗಲ್ಲ," ಎಂದು ಮಿಥ್ಕಾಲ್ ನಕೂಲಾ ಮೇಷ್ಟ್ರ ಕೈಯಿಂದ ಸಲಿಕೆ ಕಿತ್ತುಕೊಂಡ. ಎಪ್ಪತ್ತೊಂದು ವರ್ಷದ ಮೇಷ್ಟ್ರು ಮೂರು ಸಲ ಮಣ್ಣು ಎತ್ತಿದ್ದರು. ಮೂರು ಸಲವೂ ಅರ್ಧ ಮಣ್ಣು ಅವರ ಬೂಟಿನ ಮೇಲೆಯೇ ಬಿದ್ದಿತ್ತು.

ಗುಂಡಿಯೊಳಗೆ ಕಲ್ಲುಚಪ್ಪಡಿಯ ಕೆಳಗೆ ಅವರ ಗೆಳೆಯ, ಲೆಕ್ಕದ ಮೇಷ್ಟ್ರು ಉಸ್ತಾದ್ ದಿಯಾಬ್ ಮಲಗಿದ್ದರು. ಬೆಳಗಿನ ನಾಷ್ಟಾಕ್ಕೆ ಕೂತವರು ಎದ್ದಿರಲಿಲ್ಲ, ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಮಣ್ಣಾದರು. ಕರಕ್ ಊರಿನಲ್ಲಿ ಸತ್ತವರನ್ನು ಕಾಯಿಸುವುದಿಲ್ಲ. ಬದುಕಿರುವವರನ್ನು ಮಾತ್ರ ಎಷ್ಟು ಬೇಕಾದರೂ ಕಾಯಿಸುತ್ತಾರೆ.

ಮಿಥ್ಕಾಲ್ ಗ್ಯಾಸ್ ಸಿಲಿಂಡರ್ ಮಾರುವವನು. ದಿನಾ ಬೆಳಿಗ್ಗೆ ಅವನ ಲಾರಿ ಟ್ಯೂನು ಬಾರಿಸಿಕೊಂಡು ಗಲ್ಲಿಗಲ್ಲಿ ಸುತ್ತಿ ಊರಿಗೆಲ್ಲ ತಲೆನೋವು ತರುತ್ತದೆ. ಇವತ್ತು ಸ್ಮಶಾನದ ಗೇಟಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿತ್ತು. ಅವನ ಜೊತೆಗೆ ಇನ್ನೂ ಹತ್ತು ಹದಿನೈದು ಜನ ಬಂದಿದ್ದರು: ಕಸಾಯಿ, ಪಂಕ್ಚರ್ ಹಾಕುವವ, ಬಸ್ ಓಡಿಸುವವರು, ಬೇಕರಿಯವ. ಹೆಣ ಹೊತ್ತವರು ಅವರು, ಗುಂಡಿಗೆ ಇಳಿದವರು ಅವರು, ಈಗ ಸಲಿಕೆಯೂ ಅವರದೇ. ಶಾಲಾ ಬಸ್ಸಿನಲ್ಲಿ ಬಂದ ಮೇಷ್ಟ್ರುಗಳೆಲ್ಲ ಒಂದು ಬದಿಗೆ ಕೈ ಕಟ್ಟಿ ನಿಂತಿದ್ದರು.

"ಇವ್ರೆಲ್ಲ ದಾಲ್ ವಿಭಾಗದವ್ರಲ್ವೇ?" ಎಂದು ಹಳೇ ಹೆಡ್‌ಮಾಸ್ಟರ್ ಶಾಹಿರ್ ನಕೂಲಾರ ಕಿವಿಯಲ್ಲಿ ಪಿಸುಗುಟ್ಟಿದರು. "ಒಬ್ರಿಗೂ ಪಾಸಾಗೋಕೆ ಬರ್ಲಿಲ್ಲ, ನೋಡಿ, ಗುಂಡಿ ಮುಚ್ಚೋಕೆ ಮಾತ್ರ ಬರತ್ತೆ."

"ಸುಮ್ನಿರಿ ಅಬೂ ರಾಮಿ," ಎಂದರು ನಕೂಲಾ, ಮಗನ ಹೆಸರು ಹಿಡಿದು ಅಪ್ಪನನ್ನು ಕರೆಯುವ ಊರ ರೂಢಿಯಂತೆ.

ಗೋರಿಗೆ ಬೆನ್ನು ತಿರುಗಿಸಿ ಬೂಟಿನ ಮಣ್ಣು ಕೊಡವಿದರು.

*

ಶಾಲೆಯಲ್ಲಿ ಯಾರೇ ನಿವೃತ್ತರಾದರೂ ಬೀಳ್ಕೊಡುಗೆಯ ಮಾನಪತ್ರ ತಿದ್ದುವುದು ನಕೂಲಾರ ಕೆಲಸ. ಅರಬ್ಬಿ ಪಾಠ ಮಾಡುತ್ತಿದ್ದವರು ಅವರು. ಹೆಡ್‌ಮಾಸ್ಟರ್ ಬರೆಯುವುದು, ನಕೂಲಾ ಕತ್ತರಿಸುವುದು, ಮೇಲಧಿಕಾರಿ ವೇದಿಕೆಯ ಮೇಲೆ ಓದುವುದು, ಆಮೇಲೆ ಚೌಕಟ್ಟು ಹಾಕಿಸಿ ಕೊಡುವುದು: ಇದೇ ಪದ್ಧತಿ. ಪತ್ರ ಪಡೆಯುವವನು ಮೊದಲೇ ಅದನ್ನು ನೋಡಬಾರದು. ನೋಡಿದರೆ ಮಾನವಲ್ಲ, ಅರ್ಜಿ ಎನ್ನುತ್ತಾರೆ.

ಆರು ವರ್ಷದ ಹಿಂದೆ ದಿಯಾಬ್ ನಿವೃತ್ತರಾದಾಗ ಶಾಹಿರ್ ಏಳುನೂರ ನಲವತ್ತು ಪದ ಬರೆದು ತಂದರು. ವಿದ್ಯೆಯ ದೀಪಸ್ತಂಭ, ತಾನು ಉರಿದು ಬೆಳಕು ಕೊಟ್ಟ ಮೇಣದಬತ್ತಿ, ಬತ್ತದ ಬಾವಿ, ಎಲ್ಲವೂ ಅದರಲ್ಲಿದ್ದವು. ನಕೂಲಾ ಕೆಂಪು ಪೆನ್ನು ತೆಗೆದು ಮೊದಲು ಮೇಣದಬತ್ತಿ ಆರಿಸಿದರು, ಆಮೇಲೆ ದೀಪಸ್ತಂಭ ಕೆಡವಿದರು. ಹಿಂದಿನ ವರ್ಷ ವ್ಯಾಯಾಮದ ಮೇಷ್ಟ್ರಿಗೂ ಇದೇ ಬಾವಿ ಕೊಟ್ಟಿದ್ದರು, ಅದೂ ಹೋಯಿತು.

ಆಮೇಲೆ ಲೆಕ್ಕ. "ಮೂವತ್ತೈದು ವರ್ಷ ಕಲಿಸಿದರು" ಎಂದು ಬರೆದಿತ್ತು. ನಕೂಲಾ ಕಚೇರಿಗೆ ಹೋಗಿ ಸೇವಾ ಕಡತ ತೆಗೆಸಿದರು. ಅದರಲ್ಲಿ ಎರಡು ವರ್ಷ ಕಡ್ಡಾಯ ಸೈನ್ಯದ್ದು. ಪಿಂಚಣಿಗೆ ಸೇರುತ್ತದೆ, ಪಾಠಕ್ಕೆ ಸೇರುವುದಿಲ್ಲ. ಮೂವತ್ತಮೂರು ಮಾಡಿದರು. "ಒಂದು ದಿನವೂ ರಜೆ ಹಾಕಲಿಲ್ಲ" ಎಂಬುದನ್ನು ಹಾಜರಿ ಪುಸ್ತಕದಲ್ಲಿ ಹುಡುಕಿದರು. ಹನ್ನೊಂದು ದಿನ ಹಾಕಿದ್ದರು. ಸಭೆಯಲ್ಲಿ ಯಾರೋ ಒಬ್ಬನಿಗೆ ಆ ಹನ್ನೊಂದರಲ್ಲಿ ಒಂದು ದಿನ ನೆನಪಿದ್ದರೆ ಉಳಿದ ನಿಜಗಳೂ ಸುಳ್ಳಾಗುತ್ತವೆ. ಆ ಸಾಲು ಹೋಯಿತು. ಬದಲಿಗೆ ಮಂಜು ಬಿದ್ದ ವರ್ಷ ದಿಯಾಬ್ ಹಾಸಿಗೆಯ ಕಂಬಳಿಯನ್ನೇ ಹೊದ್ದು ಶಾಲೆಗೆ ಬಂದು, ಹಾಗೇ ಬೋರ್ಡಿನ ಮೇಲೆ ಭಿನ್ನರಾಶಿ ಬರೆದದ್ದನ್ನು ಸೇರಿಸಿದರು. ನೋಡಿದವರು ಮೂವರು ಇನ್ನೂ ಬದುಕಿದ್ದರು, ವಿಚಾರಿಸಿಕೊಂಡೇ ಬರೆದರು. ಜನ ನಗುತ್ತಾರೆ. ಒಮ್ಮೆ ನಗಿಸಬೇಕು, ಒಮ್ಮೆ ಹೆಂಡತಿಯ ಹೆಸರು ಹೇಳಬೇಕು, ಕೊನೆಯ ಮಾತನ್ನು ಸಭೆಗಲ್ಲ, ನೇರವಾಗಿ ಅವನಿಗೇ ಹೇಳಬೇಕು. ಇಷ್ಟಾದರೆ ಸಾಕು.

ಅಧಿಕಾರಿಗೆ ಮೂರೇ ನಿಮಿಷ. ನಕೂಲಾ ಅಡುಗೆಮನೆಯಲ್ಲಿ ನಿಂತುಕೊಂಡು ಜೋರಾಗಿ ಓದಿದರು. ಕೂತು ಓದಿದರೆ ಉಸಿರಿನ ಲೆಕ್ಕ ತಪ್ಪುತ್ತದೆ. ಹೆಂಡತಿ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಗಡಿಯಾರ ಹಿಡಿದಿದ್ದಳು.

"ಮೂರು ನಿಮಿಷ ಐದು ಸೆಕೆಂಡು," ಎಂದಳು. "ಬೇಳೆ ಸೀದುಹೋಯ್ತು, ಅದನ್ನೂ ಬರ್ಕೊಳ್ಳಿ."

ಅದೇ ಸಂಜೆ ದಿಯಾಬ್ ಬಾಗಿಲು ತಟ್ಟಿದರು. ಮೂವತ್ತು ವರ್ಷದ ಸ್ನೇಹದಲ್ಲಿ ಒಂದು ಸಕ್ಕರೆ ಚಮಚವನ್ನೂ ಕೇಳದ ಮನುಷ್ಯ, ಹೊಸ್ತಿಲ ಹೊರಗೇ ನಿಂತು ಮಡಿಚಿದ ಚೀಟಿ ಚಾಚಿದರು.

"ಪದ್ಧತಿ ಅಲ್ಲ ಅಂತ ಗೊತ್ತು ಅಬೂ ಫಾದಿ. ಮಿಕ್ಕಿದ್ದು ಏನ್ ಬೇಕಾದ್ರೂ ಬರಿ, ಕತ್ತೆ ಅಂತಾದ್ರೂ ಬರಿ. ಇದೊಂದು ಸಾಲು ಇರ್ಲಿ."

"ಒಳಗೆ ಬಾರಯ್ಯ, ಟೀ ಕುಡಿ."

"ಬಂದ್ರೆ ನೀನು ಪತ್ರ ತೋರಿಸ್ಬಿಡ್ತೀಯ. ಬರಲ್ಲ."

ಚೀಟಿಯಲ್ಲಿ ಹೀಗಿತ್ತು: "ಇಪ್ಪತ್ತೆರಡು ವರ್ಷ ಯಾರೂ ಒಲ್ಲದ ದಾಲ್ ವಿಭಾಗವನ್ನು ಅವರು ತಾವಾಗಿ ಕೇಳಿ ಪಡೆದರು, ಅಲ್ಲಿನ ಹುಡುಗರೇ ಅವರ ಹೆಮ್ಮೆ."

ಅಲಿಫ್, ಬಾ, ಜೀಮ್, ದಾಲ್: ಶಾಲೆಯ ವಿಭಾಗಗಳಿಗೆ ಅರಬ್ಬಿ ಅಕ್ಷರಗಳೇ ಹೆಸರು. ನಾಲ್ಕನೆಯದು ನಪಾಸಾದವರ ಗೋದಾಮು. ಕಡತ ನೋಡಿದರು, ಇಪ್ಪತ್ತೆರಡು ಎಂಬುದು ನಿಜ. ನಕೂಲಾ ಸಾಲನ್ನು ಸೇರಿಸಿದರು. ಮೂರು ನಿಮಿಷ ಹದಿನಾಲ್ಕು ಸೆಕೆಂಡಾಯಿತು.

ಮರುದಿನ ಶಾಹಿರ್ ಓದಿ ಹುಬ್ಬು ಗಂಟಿಕ್ಕಿದರು. "ಸಭೇಲಿ ಅವರಪ್ಪಂದಿರು ಕೂತಿರ್ತಾರೆ. ನಿಮ್ಮ ಮಗ ದಾಲ್‌ನವನು ಅಂತ ಮೈಕಲ್ಲಿ ಕೂಗ್ಬೇಕಾ? ಮಾನಪತ್ರಾನೋ, ಮಾನ ಕಳಿಯೋ ಪತ್ರಾನೋ?"

ನಕೂಲಾಗೂ ಹಾಗೇ ಅನಿಸಿತು. ಶಾಹಿರ್ ಒತ್ತಾಯ ಮಾಡಲಿಲ್ಲ, ಅದನ್ನೂ ಹೇಳಿಬಿಡಬೇಕು. ಕೆಂಪು ಪೆನ್ನು ನಕೂಲಾರ ಕೈಯಲ್ಲೇ ಇತ್ತು. "ಎಲ್ಲ ವಿಭಾಗದ ಮಕ್ಕಳಿಗೂ ಸಮನಾಗಿ ಕಲಿಸಿದರು" ಎಂದು ಬರೆದರು. ಅದೂ ನಿಜ, ಯಾರಿಗೂ ನೋವಿಲ್ಲ, ಚಿಕ್ಕದು. ಅಲ್ಲಿ ಇಲ್ಲಿ ಇನ್ನೆರಡು ಸಾಲು ಕಿತ್ತು ಎರಡು ನಿಮಿಷ ಐವತ್ತೆಂಟಕ್ಕೆ ಇಳಿಸಿದರು. ಅಧಿಕಾರಿ ತಡವರಿಸಬಾರದೆಂದು ಸ್ವರಚಿಹ್ನೆ ಹಾಕಿದರು, ಉಸಿರು ತೆಗೆದುಕೊಳ್ಳುವಲ್ಲಿ ಓರೆಗೆರೆ ಎಳೆದರು. ತಮ್ಮ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಪತ್ರ ತಿದ್ದಿರಲಿಲ್ಲ.

ದಿಯಾಬ್‌ಗೆ ಮಾತ್ರ ಹೇಳಲಿಲ್ಲ.

ಸಮಾರಂಭದಲ್ಲಿ ಕಂಬಳಿಗೆ ಜನ ನಕ್ಕರು, ಹೆಂಡತಿಯ ಹೆಸರಿಗೆ ಚಪ್ಪಾಳೆ ಬಿತ್ತು. ದಿಯಾಬ್ ವೇದಿಕೆಯ ಮೇಲೆ ತಲೆ ಸ್ವಲ್ಪ ಓರೆ ಮಾಡಿ, ಕೊನೆಯ ಪದದ ಆಚೆಗೂ ಒಂದು ಕ್ಷಣ ಕೇಳಿಸಿಕೊಳ್ಳುತ್ತ ಕೂತಿದ್ದರು. ಆಮೇಲೆ ಇಳಿದು ಬಂದು ನಕೂಲಾರ ಕೈ ಹಿಡಿದರು. "ಚೆನ್ನಾಗಿತ್ತು ಕಣೋ. ಚಿಕ್ಕದಾಗಿತ್ತು," ಎಂದರು. ಅಷ್ಟೇ. ಆರು ವರ್ಷ ಇಬ್ಬರೂ ಪ್ರತಿ ಸೋಮವಾರ ಇಸ್ಪೀಟು ಆಡಿದರು. ಆ ಮಾತು ಮತ್ತೆ ಎತ್ತಲಿಲ್ಲ.

*

ಸಂತಾಪಕ್ಕೆಂದು ತೆರೆದ, ದಿಯಾಬ್ ಕುಲದವರ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಹಾಕಿದ್ದರು. ಬೇಕರಿಯವನು ಸಕ್ಕರೆಯಿಲ್ಲದ ಕಾಫಿ ಸುರಿಯುತ್ತ ಬಂದ. ಬಾಗಿಲ ಪಕ್ಕದ ಮೊಳೆಗೆ, ಮನೆಯಿಂದ ತಂದ ಆ ಮಾನಪತ್ರದ ಚೌಕಟ್ಟನ್ನು ನೇತುಹಾಕಿದ್ದರು. ನಕೂಲಾ ಅದಕ್ಕೆ ಬೆನ್ನು ಮಾಡಿ ಕೂತರು.

ಮಿಥ್ಕಾಲ್ ಬಂದು ಪಕ್ಕದಲ್ಲಿ ಕೂತ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದ, ತೊಳೆದಿರಲಿಲ್ಲ.

"ಆವತ್ತು ಗಾಡಿ ನಿಲ್ಸಿ ಬಂದಿದ್ದೆ ಉಸ್ತಾದ್," ಎಂದ, ಚೌಕಟ್ಟಿನ ಕಡೆ ಗಲ್ಲ ತೋರಿಸಿ. "ಹೊಸ ಶರ್ಟು. ಹದಿನೇಳು ಜನ ಬಂದಿದ್ವಿ. 'ಗುರುವಾರ ಹತ್ತಕ್ಕೆ ಬನ್ರೋ, ನಿಮ್ಮ ದಾಲ್ ಹೆಸ್ರು ಮೈಕಲ್ಲಿ ಬರತ್ತೆ' ಅಂತ ದಿಯಾಬ್ ಮೇಷ್ಟ್ರೇ ಅಂಗಡಿ ಅಂಗಡಿಗೆ ಬಂದು ಹೇಳಿದ್ರು. ಹಿಂದಿನ ಸಾಲಲ್ಲಿ ಕೂತಿದ್ವಿ. ಕಸಾಯಿ ಅವ್ರಮ್ಮನ್ನೂ ಕರ್ಕೊಂಡು ಬಂದಿದ್ದ."

ನಕೂಲಾರ ಕಾಫಿ ಬಟ್ಟಲು ತುಟಿಯ ಹತ್ತಿರವೇ ನಿಂತಿತು.

"ಹೆಸ್ರು ಬರ್ಲಿಲ್ಲ," ಎಂದ ಮಿಥ್ಕಾಲ್. "ಸಿಹಿ ಹಂಚೋ ಮುಂಚೆ ಎದ್ದು ಬಂದ್ವಿ. ಮೇಷ್ಟ್ರು ಗೇಟ್ ತನಕ ಓಡಿ ಬಂದ್ರು ಪಾಪ. 'ಸಾಲು ಇತ್ತು ಕಣ್ರೋ, ಓದೋವ್ನು ಹಾರಿಸ್ಬಿಟ್ಟ' ಅಂದ್ರು. ಆ ಅಧಿಕಾರಿ ಕಣ್ಣಿಗೆ ಮಣ್ಣು ಬೀಳ! ಇವತ್ತಿಗೂ ಅವ್ನ ಮನೆಗೆ ನಾನು ಸಿಲಿಂಡರ್ ಕೊಡಲ್ಲ. ಚಳೀಲಿ ಸಾಯ್ಲಿ."

ಎದುರು ಗೋಡೆಯ ಕಸಾಯಿ ನಕ್ಕ. ಶಾಹಿರ್ ನೆಲ ನೋಡಿದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ದಿಯಾಬ್ ತಾವೇ ಸುಳ್ಳು ಹೇಳಿ ಗೆಳೆಯನನ್ನು ಉಳಿಸಿ, ಆ ಸುಳ್ಳಿನ ಜೊತೆ ಮಣ್ಣಾಗಿದ್ದರು. ನಕೂಲಾ ಬಟ್ಟಲನ್ನು ಮೊಣಕಾಲ ಮೇಲಿಟ್ಟರು.

"ಅಧಿಕಾರಿ ಹಾರಿಸ್ಲಿಲ್ಲ, ಮಿಥ್ಕಾಲ್. ನಾನು ಹೊಡೆದು ಹಾಕ್ದೆ."

"ಏನಂದ್ರಿ?"

"ಮೇಷ್ಟ್ರು ಬರ್ಕೊಟ್ಟಿದ್ರು. ನಾನೇ ತೆಗೆದೆ. ದಾಲ್ ಅಂತ ಮೈಕಲ್ಲಿ ಹೇಳಿದ್ರೆ ನಿಮಗೆ ನಾಚಿಕೆ ಆಗತ್ತೆ ಅನ್ಕೊಂಡೆ."

ಕಾಫಿ ಸುರಿಯುತ್ತಿದ್ದವನ ಕೈ ನಿಂತಿತು. ಮಿಥ್ಕಾಲ್ ಕುರ್ಚಿಯನ್ನು ಮೇಷ್ಟ್ರ ಕಡೆ ತಿರುಗಿಸಿಕೊಂಡ.

"ನಮಗೆ?" ಎಂದ. "ನಾವು ಇಸ್ತ್ರಿ ಮಾಡ್ಕೊಂಡು ಬಂದಿದ್ವಲ್ಲ ಉಸ್ತಾದ್."

ನಕೂಲಾ ಬಟ್ಟಲನ್ನು ಕುರ್ಚಿಯ ಕೆಳಗೆ ಸರಿಸಿದರು.

"ಎಷ್ಟುದ್ದ ಇತ್ತು ಅದು?"

"ಒಂಬತ್ತು ಸೆಕೆಂಡು."

"ಒಂಬತ್ತು." ಮಿಥ್ಕಾಲ್ ತಲೆಯಾಡಿಸಿದ. "ಒಂದು ಸಿಲಿಂಡರ್ ಇಳ್ಸೋಕೆ ಅದಕ್ಕಿಂತ ಜಾಸ್ತಿ ಬೇಕು. ಹೇಳಿ, ಏನಿತ್ತು?"

ಆರು ವರ್ಷದಲ್ಲಿ ಮರೆಯದ ಸಾಲನ್ನು ನಕೂಲಾ ಹೇಳಿದರು. ಮಿಥ್ಕಾಲ್ ತುಟಿ ಆಡಿಸಿ ಎರಡು ಸಲ ಒಳಗೇ ಹೇಳಿಕೊಂಡ. ಎದ್ದು ಹೋಗಿ ಚೌಕಟ್ಟನ್ನು ಮೊಳೆಯಿಂದ ಇಳಿಸಿದ. ಹಜಾರದ ನಡುವೆ ನಿಂತು ಓದತೊಡಗಿದ, ಗಾಜಿನ ಮೇಲೆ ಬೆರಳಿಟ್ಟು, ಒಂದೊಂದೇ ಪದ ಬಿಡಿಸಿಕೊಂಡು. ಓರೆಗೆರೆಗಳನ್ನು ಲೆಕ್ಕಿಸಲಿಲ್ಲ. ಉಸಿರು ಬೇಕಾದಲ್ಲಿ ತೆಗೆದುಕೊಂಡ, ತಪ್ಪಿದಲ್ಲಿ ಹಿಂದಕ್ಕೆ ಹೋದ. ಕಂಬಳಿಯ ಹತ್ತಿರ ಬಂದಾಗ ಇಬ್ಬರು ಮೂವರು ನಕ್ಕು ಕಣ್ಣೊರೆಸಿಕೊಂಡರು. ನಕೂಲಾರ ಎಡಗೈ ಅಭ್ಯಾಸಬಲದಿಂದ ಗಡಿಯಾರದ ಕಡೆ ತಿರುಗಿತು. ಬಲಗೈಯಿಂದ ಅದನ್ನು ಮುಚ್ಚಿ ಹಿಡಿದರು.

"ಎಲ್ಲ ವಿಭಾಗದ ಮಕ್ಕಳಿಗೂ ಸಮನಾಗಿ" ಎಂಬಲ್ಲಿ ಮಿಥ್ಕಾಲ್ ನಿಂತ. ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದು, ಗಾಜಿನ ಕೆಳಗಿಲ್ಲದ್ದನ್ನು ಹೇಳಿದ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು ಕಿರುಗುಟ್ಟಿದವು. ಕಸಾಯಿ ಎದ್ದ, ಪಂಕ್ಚರಿನವ ಎದ್ದ, ಬಸ್ಸಿನವರು ಎದ್ದರು. ಬೇಕರಿಯವನು ಕಾಫಿಪಾತ್ರೆ ಹಿಡಿದೇ ನೆಟ್ಟಗಾದ. ಹೆಸರು ಕೂಗಿದಾಗ ತರಗತಿಯಲ್ಲಿ ನಿಲ್ಲುವ ಹಾಗೆ ನಿಂತರು, ಕೈಯನ್ನು ತೊಡೆಗೆ ಅಂಟಿಸಿ.

ಮುಗಿಸಿ ಮಿಥ್ಕಾಲ್ ಚೌಕಟ್ಟನ್ನು ನಕೂಲಾರ ತೊಡೆಯ ಮೇಲಿಟ್ಟ. ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಲಾರಿ ಚಾಲೂ ಆಯಿತು. ಟ್ಯೂನು ಬರಲಿಲ್ಲ.

ಜನ ಕರಗಿದ ಮೇಲೆ ದಿಯಾಬ್‌ರ ಮಗಳು ಅರ್ವಾ ಬಾಗಿಲಿಗೆ ಬಂದಳು. ಅತ್ತು ಕಣ್ಣು ಊದಿತ್ತು, ಕೈಯಲ್ಲಿ ಒದ್ದೆ ಬಟ್ಟೆಯಿತ್ತು.

"ಚಿಕ್ಕಪ್ಪ, ಅದನ್ನ ಕೊಡಿ, ಮನೆಗೆ ತಗೊಂಡ್ ಹೋಗ್ತೀನಿ," ಎಂದಳು, ತಂದೆಯ ಗೆಳೆಯನನ್ನು ಚಿಕ್ಕಪ್ಪ ಎಂದೇ ಕರೆಯುವವಳು. ಬಗ್ಗಿ ನೋಡಿದಳು. ಗಾಜಿನ ನಡುವೆ, "ಸಮನಾಗಿ" ಎಂಬ ಸಾಲಿನ ಮೇಲೆ, ಗೋರಿಯ ಕೆಂಪು ಮಣ್ಣಿನ ದೊಡ್ಡ ಹೆಬ್ಬೆಟ್ಟು ಒಣಗುತ್ತಿತ್ತು. "ಅಯ್ಯೋ, ಯಾರು ಹೀಗೆ ಗಲೀಜು ಮಾಡಿದ್ದು? ತನ್ನಿ, ಒರೆಸ್ತೀನಿ."

ನಕೂಲಾ ಚೌಕಟ್ಟನ್ನು ಎದೆಗೆ ಅವುಚಿಕೊಂಡರು. ಅವಳು ಮತ್ತೊಮ್ಮೆ ಕೈ ಚಾಚಿದಳು. ಅವರು ಕೊಡಲಿಲ್ಲ.